ಐದು ಸುತ್ತಿನ ಇಂಟರ್‌ವ್ಯೂ ಹೊಂದಿಸಿಕೊಟ್ಟ ಕೋಆರ್ಡಿನೇಟರ್‌ಗೆ ಥ್ಯಾಂಕ್ಸ್ ಮೇಲ್: ಈ ಡ್ರಾಫ್ಟ್ ಹೇಗಿದೆ?

ಹೊಳೆದಂಡೆ (ತೀರ್ಥಹಳ್ಳಿ)

ಬೆಂಗಳೂರಿನ ಒಂದು ಕಂಪನಿಯಲ್ಲಿ ಡೇಟಾ ಅನಲಿಸ್ಟ್ ಕೆಲಸಕ್ಕೆ 5 ಸುತ್ತು ಮುಗೀತು. ಎಲ್ಲಾ ಮನೆಯಿಂದಲೇ, ವಿಡಿಯೋದಲ್ಲಿ. ರಿಕ್ರೂಟರ್ ಬೇರೆಯವರು, ದಿನ-ಟೈಮು ಹೊಂದಿಸಿದ ಕೋಆರ್ಡಿನೇಟರ್ ಮೇಡಂ ಬೇರೆ. ಮೇಡಂ ಧಾರವಾಡದ ಕಡೆಯವರು, ಫೋನಲ್ಲಿ ಕನ್ನಡದಲ್ಲೇ ಮಾತಾಡ್ತಿದ್ರು. ಮೇಲ್‌ಗಳು ಮಾತ್ರ ಇಂಗ್ಲಿಷು.

3ನೇ ಸುತ್ತು ಮಂಗಳವಾರ 4 ಗಂಟೆಗೆ ಇತ್ತು. ಸಿಡಿಲು ಮಳೆ, 20 ನಿಮಿಷಕ್ಕೆ ಕರೆಂಟ್ ಹೋಯ್ತು. ಅವರು ಗುರುವಾರ 11ಕ್ಕೆ ಮತ್ತೆ ಹಾಕಿಸಿಕೊಟ್ರು. 4ನೇ ಸುತ್ತು ಲಂಡನ್‌ನಲ್ಲಿರೋ ಮ್ಯಾನೇಜರ್ ಜೊತೆ. ಮೇಲಲ್ಲಿ ಸಂಜೆ 7 ಅಂತಿತ್ತು, ಕ್ಯಾಲೆಂಡರಲ್ಲಿ 8. ನಾನು ಗಮನಿಸಿರಲಿಲ್ಲ. ಹಿಂದಿನ ದಿನ ಅವರೇ ಫೋನ್ ಮಾಡಿ 8 ಅಂತ ಹೇಳಿದ್ರು. ಕೊನೆ ಸುತ್ತು ನಿನ್ನೆ ಮುಗೀತು.

ಡ್ರಾಫ್ಟ್ ಇದು, ಮುಲಾಜಿಲ್ಲದೆ ಹೇಳಿ:

> ಮಾನ್ಯರೇ,
> ನನ್ನ ಸಂದರ್ಶನ ಪ್ರಕ್ರಿಯೆಯನ್ನು ಅತ್ಯುತ್ತಮವಾಗಿ ಆಯೋಜಿಸಿದ್ದಕ್ಕಾಗಿ ಹೃತ್ಪೂರ್ವಕ ಧನ್ಯವಾದಗಳು. ಲಂಡನ್ ಕಡೆಯಿಂದ ಸಮಯದ ಗೊಂದಲವಾದರೂ ತಾವು ಸರಿಪಡಿಸಿದಿರಿ. ವಿದ್ಯುತ್ ವ್ಯತ್ಯಯಕ್ಕಾಗಿ ಮತ್ತೊಮ್ಮೆ ಕ್ಷಮೆ ಕೋರುತ್ತೇನೆ. ಎಸ್‌ಕ್ಯುಎಲ್ ಮತ್ತು ಪೈಥಾನ್‌ನಲ್ಲಿ 4 ವರ್ಷಗಳ ಅನುಭವವಿರುವ ನಾನು ಈ ಹುದ್ದೆಗೆ ಸೂಕ್ತ ಎಂದು ನಂಬಿದ್ದೇನೆ. ಪ್ಯಾನಲ್‌ನವರ ಇಮೇಲ್ ವಿಳಾಸ ಕಳಿಸಿದರೆ ಅವರಿಗೂ ಬರೆಯುತ್ತೇನೆ. ಫಲಿತಾಂಶ ಯಾವಾಗ ತಿಳಿಯಬಹುದು?
> ತಮ್ಮ ವಿಧೇಯ

ಕುಂಸಿ_ಬಾಯ್

'ತಮ್ಮ ವಿಧೇಯ' ನೋಡಿ ತಹಶೀಲ್ದಾರ್ ಆಫೀಸಿಗೆ ಅರ್ಜಿ ಹಾಕಿದ ಹಾಗಾಯ್ತು ಮಾರಾಯ್ರೆ 😄

ಆಫರ್_ಅಣ್ಣ (ಭದ್ರಾವತಿ)

ನೀವು ಆಗ್ಲೇ ಲೇಟು. ಪ್ರತಿ ಸುತ್ತು ಮುಗಿದ 24 ಗಂಟೆ ಒಳಗೆ ಒಂದೊಂದು ಥ್ಯಾಂಕ್ಸ್ ಮೇಲ್ ಹೋಗ್ಬೇಕು. ಅದನ್ನೂ ರಿಪ್ಲೈ ಆಲ್ ಕೊಟ್ಟು ಕಳಿಸಿ, ಪ್ಯಾನಲ್‌ನವರಿಗೂ ನಿಮ್ಮ ಹೆಸರು ನೆನಪಿರುತ್ತೆ. ಥ್ಯಾಂಕ್ಸ್ ಹೇಳದೇ ಇದ್ದವರನ್ನ ಎಷ್ಟೋ ಕಡೆ ಅಲ್ಲೇ ಬಿಡ್ತಾರೆ.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಅಣ್ಣ ಹೇಳಿದ್ರಲ್ಲಿ 24 ಗಂಟೆ ಅನ್ನೋದು ಸರಿ, ಮಿಕ್ಕಿದ್ದು ಬೇರೆಯವರಿಗೆ ಬರೆಯೋ ಕಾಗದದ ಲೆಕ್ಕ. ಇಂಟರ್‌ವ್ಯೂ ಮಾಡಿದವರಿಗೆ ಆಯಾ ಸುತ್ತಿನ ನಂತರ ಬರೆಯೋ ಪದ್ಧತಿ ಅಮೆರಿಕದ ಕಂಪನಿಗಳ ಕಡೆಯಿಂದ ಬಂದಿದ್ದು. ಕೋಆರ್ಡಿನೇಟರ್‌ಗೆ ಐದು ಸಲ ಥ್ಯಾಂಕ್ಸ್ ಬಂದ್ರೆ ಐದು ಸಲ ಮೇಲ್ ತೆಗೆದು, 'ಇವರಿಗೆ ಟೈಮ್ ಬದಲಾಯಿಸಬೇಕಾ' ಅಂತ ಓದಬೇಕಾಗುತ್ತೆ. ಅವರಿಗೆ ಅಭ್ಯರ್ಥಿ ಮೇಲ್ ಬಂತು ಅಂದ್ರೆ ಮೊದಲು ಬರೋ ಯೋಚನೆಯೇ ಅದು. ಕೊನೆ ಸುತ್ತು ಮುಗಿದ ಮರುದಿನ, ಒಂದೇ ಒಂದು. ಹೊಳೆದಂಡೆಯವರು ಇನ್ನೂ ಲೇಟಾಗಿಲ್ಲ.

ರಿಪ್ಲೈ ಆಲ್ ಮಾತ್ರ ಬೇಡವೇ ಬೇಡ. ಇನ್ವೈಟ್ ಮೇಲ್‌ಗೆ ರಿಪ್ಲೈ ಆಲ್ ಕೊಟ್ರೆ ಅದರಲ್ಲಿರೋ ಇಂಟರ್‌ವ್ಯೂವರ್‌ಗಳೆಲ್ಲರಿಗೂ ಹೋಗುತ್ತೆ. ಅವರಲ್ಲಿ ಒಬ್ಬರು ಇನ್ನೂ ಫೀಡ್‌ಬ್ಯಾಕ್ ಬರೆದಿರೋದಿಲ್ಲ. 'ಹುದ್ದೆಗೆ ಸೂಕ್ತ' ಅನ್ನೋ ನಿಮ್ಮ ಸಾಲು ಆ ಹೊತ್ತಿಗೆ ಅವರ ಮುಂದೆ ಬಂದ್ರೆ ಒತ್ತಡ ಹಾಕಿದ ಹಾಗೆ ಕಾಣುತ್ತೆ.

ಡ್ರಾಫ್ಟ್ ಬಗ್ಗೆ ಸ್ವಲ್ಪ ಹೊತ್ತಲ್ಲಿ ಬರೀತೀನಿ, ಅದರಲ್ಲಿ ಒಂದು ಸಾಲು ನಿಮಗೇ ತಿರುಗಿ ಬರೋ ಹಾಗಿದೆ.

ಮಂಡಿಪೇಟೆ

ಕೆಲಸ ಕೊಡಿಸ್ತೀವಿ ಅಂತ ಹೇಳೋರಿಗೆ ದುಡ್ಡು ಕೊಡ್ಬೇಡಿ ಸಾರ್. ಮೊದಲು ರಿಜಿಸ್ಟ್ರೇಷನ್ ಫೀ ಅಂತಾರೆ, ಆಮೇಲೆ ಲ್ಯಾಪ್‌ಟಾಪ್ ಡೆಪಾಸಿಟ್ ಅಂತಾರೆ. ಥ್ಯಾಂಕ್ಸ್ ಅಂತೆ ಥ್ಯಾಂಕ್ಸು.

ಹೊಳೆದಂಡೆ

ಮಂಡಿಪೇಟೆಯವ್ರೆ, ಇದು ಏಜೆನ್ಸಿ ಅಲ್ಲ. ಕಂಪನಿಯವರೇ, ಸಂಬಳಕ್ಕಿರೋರು. ಯಾರೂ ದುಡ್ಡು ಕೇಳಿಲ್ಲ.

ಮಂಡಿಪೇಟೆ

ಹಾಗಾದ್ರೆ ಸರಿ. ಆದ್ರೂ ಹುಷಾರು.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಈಗ ಡ್ರಾಫ್ಟು. ಕೋಆರ್ಡಿನೇಟರ್ ಕೈಯಲ್ಲಿ ಏನಿದೆ, ಏನಿಲ್ಲ ಅನ್ನೋದು ಗೊತ್ತಾದ್ರೆ ಅರ್ಧ ಸಾಲು ತಾನೇ ಬಿದ್ದುಹೋಗುತ್ತೆ.

ಅವರು ಇಂಟರ್‌ವ್ಯೂವರ್‌ಗಳ ಕ್ಯಾಲೆಂಡರ್ ನೋಡಿ ಸ್ಲಾಟ್ ಹಿಡೀತಾರೆ, ವಿಡಿಯೋ ಲಿಂಕ್ ಹಾಕ್ತಾರೆ, ನಿಮ್ಮ ರೆಸ್ಯೂಮು ಮತ್ತೆ ಯಾರು ಏನು ಕೇಳಬೇಕು ಅನ್ನೋ ಹಾಳೆ ಪ್ಯಾನಲ್‌ಗೆ ಕಳಿಸ್ತಾರೆ, ಮುಗಿದ ಮೇಲೆ ಫೀಡ್‌ಬ್ಯಾಕ್ ತುಂಬಿ ಅಂತ ಅವರ ಬೆನ್ನು ಹತ್ತುತ್ತಾರೆ. ಕೊನೆಗೆ ಪ್ಯಾನಲ್ ಎಲ್ಲಾ ಕೂತು ತೀರ್ಮಾನ ಮಾಡೋ ಮೀಟಿಂಗ್ ಇರುತ್ತಲ್ಲ, ಅದನ್ನೂ ಸಾಮಾನ್ಯವಾಗಿ ಅವರೇ ಹಾಕೋದು. ಆದ್ರೆ ಆ ಮೀಟಿಂಗಲ್ಲಿ ಅವರಿಗೆ ವೋಟಿಲ್ಲ.

ಹಾಗಾಗಿ ಎಸ್‌ಕ್ಯುಎಲ್, ಪೈಥಾನ್, 4 ವರ್ಷ, ಸೂಕ್ತ, ಎಲ್ಲಾ ತೆಗೀರಿ. ಫಲಿತಾಂಶದ ಪ್ರಶ್ನೆಯನ್ನ ರಿಕ್ರೂಟರ್‌ಗೆ ಬೇರೆ ಮೇಲಲ್ಲಿ ಕೇಳಿ. ತೀರ್ಮಾನದ ಮೀಟಿಂಗ್ ಯಾವತ್ತು ಅಂತ ಮೇಡಂಗೆ ಗೊತ್ತಿರಬಹುದು, ಹೇಳೋ ಹಾಗಿರಲ್ಲ. ಕೇಳಿದ್ರೆ ಅವರಿಗೆ ಮುಜುಗರ, ನಿಮ್ಮ ಥ್ಯಾಂಕ್ಸು ಆ ಪ್ರಶ್ನೆಗೆ ಪೀಠಿಕೆ ಅನ್ನಿಸಿಬಿಡುತ್ತೆ. ಪ್ಯಾನಲ್ ಇಮೇಲ್ ವಿಳಾಸಾನೂ ಹಾಗೇ, ಎಷ್ಟೋ ಕಂಪನಿಯಲ್ಲಿ ಕೊಡಬಾರದು ಅಂತ ಇರುತ್ತೆ. 'ಪ್ಯಾನಲ್‌ನವರಿಗೂ ನನ್ನ ಧನ್ಯವಾದ ತಿಳಿಸಿ' ಅಂದ್ರೆ ಅವರು ಒಂದು ಸಾಲು ಫಾರ್ವರ್ಡ್ ಮಾಡ್ತಾರೆ, ಅಷ್ಟೇ ಸಾಕು.

ತಿರುಗಿ ಬರೋ ಸಾಲು ಅಂದಿದ್ದು 'ಲಂಡನ್ ಕಡೆಯಿಂದ ಸಮಯದ ಗೊಂದಲವಾದರೂ'. ನೇಮಕಾತಿಗೆ ಅಂತ ಇರೋ ಸಾಫ್ಟ್‌ವೇರ್‌ಗೆ ಮೇಲ್ ಜೋಡಿಸಿದ್ರೆ ಈ ಥ್ರೆಡ್ ಪೂರ್ತಿ ನಿಮ್ಮ ಹೆಸರಿನ ಕಡತದಲ್ಲಿ ಕೂತಿರುತ್ತೆ. ರಿಕ್ರೂಟರ್ ಓದಬಹುದು, ಆ ಲಂಡನ್ ಮ್ಯಾನೇಜರೂ ಓದಬಹುದು. ಮೇಡಂನ ಹೊಗಳೋಕೆ ಹೋಗಿ ನಾಳೆ ನಿಮ್ಮ ಬಾಸ್ ಆಗೋರನ್ನ ದೂರಿದ ಹಾಗಾಯ್ತು.

ಸೊರಬ_ಟು_ಲೀಡ್ಸ್

ಅದು ಲಂಡನ್‌ನವರ ತಪ್ಪೇ ಅಲ್ಲ ಅನ್ಸುತ್ತೆ. 4ನೇ ಸುತ್ತು ಯಾವತ್ತಿತ್ತು? ಅಕ್ಟೋಬರ್ ಕೊನೇ ಭಾನುವಾರ ಆದ್ಮೇಲಾ?

ಹೊಳೆದಂಡೆ

ಹೌದು, ಆ ಭಾನುವಾರ ಆದ ಮಂಗಳವಾರ. ಫೋನ್ ಬಂದಿದ್ದು ಸೋಮವಾರ.

ಸೊರಬ_ಟು_ಲೀಡ್ಸ್

ಅದೇ. ಬ್ರಿಟನ್‌ನಲ್ಲಿ ಅಕ್ಟೋಬರ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ಅಲ್ಲಿಯವರೆಗೆ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಆಮೇಲೆ ಐದೂವರೆ. ಅಲ್ಲಿ ಮಧ್ಯಾಹ್ನ ಎರಡೂವರೆ ಅಂದ್ರೆ ಹಿಂದಿನ ವಾರ ನಮಗೆ ಸಂಜೆ 7, ಈ ವಾರ 8. ಮೇಲ್ ಬರೆದಾಗ ಹಳೇ ಲೆಕ್ಕದಲ್ಲಿ 7 ಅಂತ ಟೈಪ್ ಆಗಿದೆ, ಅದು ಅಕ್ಷರ, ತಾನಾಗಿ ಬದಲಾಗಲ್ಲ. ಕ್ಯಾಲೆಂಡರ್ ಇನ್ವೈಟ್ ಲಂಡನ್ ಟೈಮಲ್ಲಿ ಮಾಡಿದ್ದಿರಬೇಕು, ಹಾಗಾಗಿ ಅಲ್ಲಿ ಎರಡೂವರೆಗೇ ನಿಂತು ನಿಮ್ಮ ಫೋನಲ್ಲಿ 8 ತೋರಿಸಿದೆ. ಇಂಡಿಯಾ ಟೈಮಲ್ಲಿ ಮಾಡಿದ್ದಿದ್ರೆ ನಿಮಗೆ 7ಕ್ಕೇ ಇರ್ತಿತ್ತು, ಅವರಿಗೆ ಒಂದೂವರೆಗೆ ಬೀಳ್ತಿತ್ತು.

ಅಮೆರಿಕದ್ದು ಬೇರೆ, ಅಲ್ಲಿ ನವೆಂಬರ್ ಮೊದಲ ಭಾನುವಾರ. ಈ ನಡುವಿನ ಒಂದು ವಾರ ಮೂರು ದೇಶದವರನ್ನ ಒಂದೇ ಕಾಲ್‌ಗೆ ಕೂರಿಸೋರ ಪಾಡು ಯಾರಿಗೂ ಬೇಡ.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಇದು ಚಿನ್ನದಂಥ ಮಾಹಿತಿ, ಥ್ಯಾಂಕ್ಸ್ ಮೇಲ್‌ಗೂ ಇದೇ ಬೇಕಾಗಿರೋದು. ಮೇಲಲ್ಲಿ 7 ಇದೆ, ಕ್ಯಾಲೆಂಡರಲ್ಲಿ 8 ಇದೆ ಅಂತ ಒಬ್ಬರು ಕಣ್ಣಿಟ್ಟು ನೋಡಿ, ಹಿಂದಿನ ದಿನವೇ ಫೋನ್ ಮಾಡಿದಾರೆ. ನೀವು 7ಕ್ಕೆ ಬಂದು ಖಾಲಿ ರೂಮಲ್ಲಿ ಕೂತಿದ್ರೆ 'ಮ್ಯಾನೇಜರ್ ಬರಲಿಲ್ಲ' ಅಂತ 20 ನಿಮಿಷಕ್ಕೆ ಎದ್ದು ಹೋಗ್ತಿದ್ರಿ, ಅವರು 8ಕ್ಕೆ ಬಂದು 'ಅಭ್ಯರ್ಥಿ ಬರಲಿಲ್ಲ' ಅಂತ ಬರೀತಿದ್ರು. 'ಅತ್ಯುತ್ತಮವಾಗಿ ಆಯೋಜಿಸಿದ್ದಕ್ಕಾಗಿ' ಅಂದ್ರೆ ಇದರಲ್ಲಿ ಒಂದೂ ಕಾಣಲ್ಲ. 'ಸೋಮವಾರವೇ ಫೋನ್ ಮಾಡಿ 8 ಗಂಟೆ ಅಂತ ಖಚಿತಪಡಿಸಿದಿರಿ' ಅಂದ್ರೆ ಪೂರ್ತಿ ಕಾಣುತ್ತೆ, ಯಾರ ಮೇಲೂ ತಪ್ಪೂ ಬರಲ್ಲ.

3ನೇ ಸುತ್ತಿಗೂ ಹಾಗೇ. ಮಂಗಳವಾರ ನಿಂತಿದ್ದನ್ನ ಗುರುವಾರಕ್ಕೆ ಹಾಕೋದು ಅಂದ್ರೆ ಬರೀ ದಿನಾಂಕ ತಿದ್ದೋದಲ್ಲ. ಪ್ಯಾನಲ್‌ನಲ್ಲಿ ಎಷ್ಟು ಜನ ಇದ್ರು?

ಹೊಳೆದಂಡೆ

ಇಬ್ರು. 60 ನಿಮಿಷದ ಕೇಸ್ ರೌಂಡು.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಹಾಗಾದ್ರೆ ಎರಡು ದಿನದೊಳಗೆ ಇಬ್ಬರಿಗೂ ಒಟ್ಟಿಗೆ ಖಾಲಿ ಇರೋ ಒಂದು ಗಂಟೆ ಹುಡುಕಬೇಕು, ಸಿಗದಿದ್ರೆ ಒಬ್ಬರ ಬೇರೆ ಮೀಟಿಂಗನ್ನ ಬೇಡಿಕೊಂಡು ಸರಿಸಬೇಕು. 20 ನಿಮಿಷ ಆಗ್ಲೇ ಆಗಿರೋದ್ರಿಂದ ಅದೇ ಕೇಸ್ ಮುಂದುವರಿಸೋದಾ ಹೊಸದು ಕೊಡೋದಾ ಅಂತ ರಿಕ್ರೂಟರ್ ಹತ್ರ ಕೇಳಬೇಕು. 4ನೇ ಸುತ್ತಿನೊಳಗೆ 3ನೇದರ ಫೀಡ್‌ಬ್ಯಾಕ್ ಬರಬೇಕಲ್ಲ, ಅದನ್ನೂ ನೋಡ್ಕೋಬೇಕು. ಇದೆಲ್ಲಾ ನೀವು ಮೇಲಲ್ಲಿ ಬರೀಬೇಕಾಗಿಲ್ಲ, ಎರಡೇ ದಿನದಲ್ಲಿ ಆಯ್ತು ಅನ್ನೋದನ್ನ ಗಮನಿಸಿದ್ದೀರಿ ಅಂತ ತೋರಿದ್ರೆ ಸಾಕು.

ಕಾಫಿಗಿಡ (ಕೊಪ್ಪ)

ಸಂಬಳ ತಗೊಂಡು ಮಾಡೋ ಕೆಲಸಕ್ಕೆ ಇಷ್ಟೆಲ್ಲಾ ಸಂಶೋಧನೆ ಬೇಕಾ? ಕಂಡಕ್ಟರ್ ಟಿಕೆಟ್ ಕೊಟ್ಟಿದ್ದಕ್ಕೆ ಕಾಗದ ಬರೀತೀರಾ? ವೋಟಿಲ್ಲ ಅಂತ ನೀವೇ ಹೇಳ್ತೀರಿ, ಅಂದ್ಮೇಲೆ ಬರೆದ್ರೂ ಬರೀದಿದ್ರೂ ಒಂದೇ.

ಗಾಂಧಿಬಜಾರ್ (ಶಿವಮೊಗ್ಗ)

ವೋಟಿಲ್ಲದವರಿಗೆ ಬರೆದಾಗಲೇ ಅದು ಥ್ಯಾಂಕ್ಸ್ ಅನ್ಸೋದು ಕಾಫಿಗಿಡದವ್ರೆ. ವೋಟಿರೋರಿಗೆ ಬರೆದ್ರೆ ಅರ್ಜಿ.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಕಾಫಿಗಿಡದವರ ಮಾತು ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ಈ ಮೇಲ್‌ನಿಂದ ಕೆಲಸ ಸಿಗಲ್ಲ, ಹಾಗಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಆದ್ರೆ ಈ ಕೆಲಸದಲ್ಲಿ ಸರಿಯಾಗಿ ಆಗಿದ್ದು ಯಾರ ಕಣ್ಣಿಗೂ ಬೀಳಲ್ಲ, ತಪ್ಪಿದ್ದು ಮಾತ್ರ ಎಲ್ಲರಿಗೂ ಕಾಣುತ್ತೆ. ದಿನಾಂಕ, ಸುತ್ತು ಹೆಸರಿಸಿ ಬರೆದ ನಾಲ್ಕು ಸಾಲು ಅವರ ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡೋಕೆ ಬರುತ್ತೆ. ಬರೀ ಹೊಗಳಿಕೆ ಇದ್ರೆ ಫಾರ್ವರ್ಡ್ ಮಾಡೋಕೂ ಅವರಿಗೆ ನಾಚಿಕೆ.

ಆಫರ್_ಅಣ್ಣ (ಭದ್ರಾವತಿ)

ರಿಪ್ಲೈ ಆಲ್ ಬಗ್ಗೆ ಒಪ್ಪಿದೆ. ಆದ್ರೆ ಫಲಿತಾಂಶ ಕೇಳ್ಬಾರದು ಅನ್ನೋದು ಒಪ್ಪಲ್ಲ. ಸಣ್ಣ ಕಂಪನಿಯಲ್ಲಿ ರಿಕ್ರೂಟರು, ಕೋಆರ್ಡಿನೇಟರು, ಎಚ್‌ಆರು ಎಲ್ಲಾ ಒಬ್ರೇ. ಬೇರೆ ಯಾರಿಗೆ ಕೇಳೋದು?

ಗಾಂಧಿಬಜಾರ್ (ಶಿವಮೊಗ್ಗ)

ಅದು ನಿಜ. ನಮ್ಮಂಥ 30 ಜನರ ಆಫೀಸಲ್ಲಿ ಎಲ್ಲಾ ಒಬ್ರೇ ಮಾಡೋದು. ಅಲ್ಲಿ ಥ್ಯಾಂಕ್ಸ್ ಕೆಳಗೆ 'ಮುಂದಿನ ಹಂತ ಯಾವಾಗ ಅಂತ ಗೊತ್ತಾದಾಗ ತಿಳಿಸಿ' ಅಂತ ಒಂದು ಸಾಲು ಬಂದ್ರೆ ಏನೂ ತೊಂದ್ರೆ ಇಲ್ಲ.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಒಬ್ರೇ ಆದ್ರೂ ಎರಡು ಮೇಲ್ ಮಾಡಿ ಅಂತೀನಿ ನಾನು. ಪ್ರಶ್ನೆ ಇರೋ ಮೇಲ್‌ಗೆ ಉತ್ತರ ಸಿಗೋವರೆಗೆ ಯಾರೂ ಮುಟ್ಟಲ್ಲ, ಅದರೊಳಗಿನ ಥ್ಯಾಂಕ್ಸೂ ಅಲ್ಲೇ ಕೊಳೆಯುತ್ತೆ.

ಗಾಂಧಿಬಜಾರ್ (ಶಿವಮೊಗ್ಗ)

ದಿನಾ ಇನ್‌ಬಾಕ್ಸ್ ತುಂಬಿಸಿಕೊಳ್ಳೋಳು ನಾನು, ನನಗೆ ಎರಡಕ್ಕಿಂತ ಒಂದೇ ವಾಸಿ. ನೀವು ದೊಡ್ಡ ಕಂಪನಿ ಲೆಕ್ಕ ಹೇಳ್ತಿದೀರಿ.

ನುಡಿಗಟ್ಟು (ಸಾಗರ)

ಭಾಷೆ ಬಗ್ಗೆ ಯಾರೂ ಮಾತಾಡ್ತಿಲ್ಲ. 'ವಿದ್ಯುತ್ ವ್ಯತ್ಯಯ', 'ಹೃತ್ಪೂರ್ವಕ', 'ಸಂದರ್ಶನ ಪ್ರಕ್ರಿಯೆ' ಎಲ್ಲಾ ಸುತ್ತೋಲೆ ಭಾಷೆ. ಫೋನಲ್ಲಿ ಅವರ ಜೊತೆ ಹೀಗೆ ಮಾತಾಡಿದ್ರಾ? 'ಕರೆಂಟ್ ಹೋಗಿ' ಅಂತ ಬರೀರಿ. 'ತಾವು' ಬೇಡ, 'ನೀವು' ಸಾಕು. 'ಮಾನ್ಯರೇ' ಬದಲು 'ನಮಸ್ಕಾರ ಮೇಡಂ'. ಕ್ಷಮೆ ಮತ್ತೊಮ್ಮೆ ಕೋರೋದೂ ಬೇಡ, ಮಳೆಗೆ ನೀವೇನು ಜವಾಬ್ದಾರರಾ?

ಆಫರ್_ಅಣ್ಣ (ಭದ್ರಾವತಿ)

ಮೇಲ್ ಥ್ರೆಡ್ ಇಂಗ್ಲಿಷಲ್ಲಿದ್ರೆ ಇದೊಂದು ಕನ್ನಡದಲ್ಲಿ ಯಾಕೆ? ಅವರ ಮ್ಯಾನೇಜರ್‌ಗೆ ಕನ್ನಡ ಬರದಿದ್ರೆ ಫಾರ್ವರ್ಡ್ ಮಾಡಿ ಏನು ಪ್ರಯೋಜನ?

ನುಡಿಗಟ್ಟು (ಸಾಗರ)

ಮ್ಯಾನೇಜರ್‌ಗೆ ಅಲ್ಲ, ಮೇಡಂಗೆ ಬರೀತಿರೋದು.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಇಬ್ಬರೂ ಸರಿ. ಕಡತದಲ್ಲಿ ಉಳಿಯೋದ್ರಿಂದ ಇಂಗ್ಲಿಷ್ ಅನುಕೂಲ, ಆದ್ರೆ ಕನ್ನಡದಲ್ಲಿ ಬಂದ ಮೇಲ್ ಅವರು ಮರೆಯಲ್ಲ. ನಿಮಗೆ ಬಿಟ್ಟಿದ್ದು.

ಫೈಬರ್_ಮಾಮ (ಹೊಸನಗರ)

ವಿಷಯ ಬಿಟ್ಟು ಒಂದು ಪ್ರಶ್ನೆ. ಕರೆಂಟ್ ಹೋದಾಗ ರೂಟರ್‌ಗೆ ಬ್ಯಾಕಪ್ ಇರಲಿಲ್ವಾ? ಫೈಬರ್ ಪೆಟ್ಟಿಗೆಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದ್ರೆ ಒಂದೆರಡು ಗಂಟೆ ಆರಾಮಾಗಿ ಓಡುತ್ತೆ. ಅಡಾಪ್ಟರ್ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತೆ, ಯುಪಿಎಸ್ ಅದಕ್ಕಿಂತ ಕಮ್ಮಿದು ತರಬೇಡಿ, ಪದೇ ಪದೇ ರೀಸ್ಟಾರ್ಟ್ ಆಗ್ತಿರುತ್ತೆ.

ಹೊಳೆದಂಡೆ

ಮನೇಲಿ ಇನ್ವರ್ಟರ್ ಇತ್ತು ಮಾಮ. ಪೆಟ್ಟಿಗೆಯಲ್ಲಿ ಪವರ್ ದೀಪ ಉರೀತಿತ್ತು, ಆದ್ರೆ ಕೆಂಪು ದೀಪಾನೂ ಬಂತು.

ಫೈಬರ್_ಮಾಮ (ಹೊಸನಗರ)

ಕೆಂಪು ಅಂದ್ರೆ ನಿಮ್ಮನೇದಲ್ಲ, ಲೈನಲ್ಲೇ ಬೆಳಕು ಬರ್ತಿಲ್ಲ. ಆಚೆ ಕಡೆ ಅವರ ಮಷೀನಿಗೆ ಬ್ಯಾಟರಿ ಇಲ್ಲ ಅಥವಾ ಮರ ಬಿದ್ದು ವೈರ್ ಹೋಗಿದೆ. ಅದಕ್ಕೆ ಯಾವ ಯುಪಿಎಸ್ಸೂ ಇಲ್ಲ, ಮೊಬೈಲ್ ಹಾಟ್‌ಸ್ಪಾಟೇ ಗತಿ. ಟವರ್ ಬ್ಯಾಟರಿ ಇರೋವರೆಗೆ.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಅದಕ್ಕೇ ಮುಂದಿನ ಸಲ ಯಾವ ಸುತ್ತಿಗಾದ್ರೂ ಮೊದಲೇ ಕೋಆರ್ಡಿನೇಟರ್ ಹತ್ರ 'ಲಿಂಕ್ ಕಡಿದ್ರೆ ಯಾವ ನಂಬರ್‌ಗೆ ಫೋನ್ ಮಾಡಲಿ' ಅಂತ ಕೇಳಿಟ್ಕೊಳ್ಳಿ. ಇನ್ವೈಟಲ್ಲಿ ಡಯಲ್-ಇನ್ ನಂಬರ್ ಇದ್ರೆ ಬರೀ ಫೋನ್ ಕಾಲಲ್ಲೇ ಧ್ವನಿ ಸೇರಿಸಬಹುದು, ಇಂಟರ್ನೆಟ್ ಬೇಡ.

ಹಾಂ, ಮರೆತಿದ್ದೆ. ಕಳಿಸೋ ಮುಂಚೆ ವಿಳಾಸ ನೋಡಿ. ಇನ್ವೈಟ್, ರಿಮೈಂಡರ್‌ಗಳಲ್ಲಿ ಮೇಡಂ ಹೆಸರಿದ್ರೂ ಎಷ್ಟೋ ಸಲ ಕಳಿಸಿರೋದು ಸಾಫ್ಟ್‌ವೇರ್, ವಿಳಾಸದಲ್ಲಿ `noreply` ಅಂತಿರುತ್ತೆ. ಅದಕ್ಕೆ ಉತ್ತರಿಸಿದ್ರೆ ನಿಮ್ಮ ಕಾಗದ ತುಂಗೆಗೆ ಬಿಟ್ಟ ಹಾಗೆ. ಅವರು ಕೈಯಾರೆ ಬರೆದ ಮೇಲ್ ಹುಡುಕಿ, ಉದಾಹರಣೆಗೆ ಗುರುವಾರ 11ಕ್ಕೆ ಆಗುತ್ತಾ ಅಂತ ಕೇಳಿದ್ದು, ಅದಕ್ಕೆ ರಿಪ್ಲೈ ಕೊಡಿ. ಸಬ್ಜೆಕ್ಟ್ ಮುಟ್ಟಬೇಡಿ, ಬದಲಾಯಿಸಿದ್ರೆ ಜಿಮೇಲ್ ಅದನ್ನ ಬೇರೆ ಥ್ರೆಡ್ ಮಾಡಿಬಿಡುತ್ತೆ.

ಹೊಳೆದಂಡೆ

ನಾನು ಇನ್ವೈಟ್‌ಗೇ ರಿಪ್ಲೈ ಮಾಡೋದ್ರಲ್ಲಿದ್ದೆ! ಈಗ ಹೀಗೆ ಬರ್ದಿದೀನಿ:

> ನಮಸ್ಕಾರ ಮೇಡಂ,
> ನಿನ್ನೆಗೆ ಐದೂ ಸುತ್ತು ಮುಗಿದವು. ಮಂಗಳವಾರ ಕರೆಂಟ್ ಹೋಗಿ ಅರ್ಧಕ್ಕೆ ನಿಂತಿದ್ದ ಮೂರನೇ ಸುತ್ತನ್ನು ಗುರುವಾರವೇ ಮತ್ತೆ ಹೊಂದಿಸಿಕೊಟ್ಟಿರಿ. ಲಂಡನ್ ಸುತ್ತಿಗೆ ಹಿಂದಿನ ದಿನವೇ ಫೋನ್ ಮಾಡಿ 8 ಗಂಟೆ ಎಂದು ಖಚಿತಪಡಿಸಿದಿರಿ, ಇಲ್ಲದಿದ್ದರೆ ನಾನು 7ಕ್ಕೇ ಬಂದು ಕೂರುತ್ತಿದ್ದೆ. ತುಂಬಾ ಉಪಕಾರವಾಯಿತು.
> ಮೂರನೇ ಸುತ್ತಿಗೆ ಎರಡನೇ ಸಲ ಸಮಯ ಮಾಡಿಕೊಂಡ ಇಬ್ಬರಿಗೂ ನನ್ನ ಧನ್ಯವಾದ ತಿಳಿಸಿ. ಈ ಮೇಲ್‌ಗೆ ಉತ್ತರ ಬೇಕಾಗಿಲ್ಲ.

ಕೆಳಗೆ ಹೆಸರು, ಹುದ್ದೆಯ ಹೆಸರು. ಜೊತೆಗೆ ಬೆಂಗಳೂರಿಗೆ ಹೋದಾಗ ಒಂದು ಡಬ್ಬ ಜೋನಿ ಬೆಲ್ಲ ಕೊಟ್ಟು ಬರ್ಲಾ ಅಂತ ಅಮ್ಮ ಕೇಳ್ತಿದಾರೆ.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಬೆಲ್ಲ ಈಗ ಬೇಡ. ತೀರ್ಮಾನ ಆಗೋ ಮುಂಚೆ ಏನು ಕೊಟ್ರೂ ಅವರು ಅದನ್ನ ಮೇಲಿನವರಿಗೆ ಹೇಳಬೇಕಾಗಿ ಬರಬಹುದು. ಕೆಲಸ ಸಿಕ್ಕಿ ಸೇರಿದ ಮೇಲೆ ಇಡೀ ತಂಡಕ್ಕೆ ಅಂತ ತಗೊಂಡು ಹೋಗಿ.

ಮೇಲ್ ಚೆನ್ನಾಗಿದೆ. ಹುದ್ದೆಯ ಹೆಸರು ಹಾಕಿದ್ದು ಒಳ್ಳೇದು, ಒಂದೇ ವಾರದಲ್ಲಿ ಅವರ ಕೈಯಲ್ಲಿ ಹತ್ತಾರು ಜನರ ಸುತ್ತು ಇರುತ್ತೆ.

ನುಡಿಗಟ್ಟು (ಸಾಗರ)

'ಉಪಕಾರವಾಯಿತು' ಚೆನ್ನಾಗಿ ಕೂತಿದೆ. 'ಉತ್ತರ ಬೇಕಾಗಿಲ್ಲ' ಸ್ವಲ್ಪ ಬಿರುಸು. 'ಉತ್ತರ ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ' ಅನ್ನಿ.

ಕುಂಸಿ_ಬಾಯ್

'7ಕ್ಕೇ ಬಂದು ಕೂರುತ್ತಿದ್ದೆ' ಅಂದ್ರೆ ಇನ್ವೈಟ್ ನೋಡೋ ಅಭ್ಯಾಸ ಇಲ್ಲ ಅಂತ ಒಪ್ಪಿಕೊಂಡ ಹಾಗಾಯ್ತಲ್ಲ? ಡೇಟಾ ಅನಲಿಸ್ಟ್ ಬೇರೆ 😄 ಕಡತದಲ್ಲಿ ಕೂತಿರುತ್ತೆ ಅಂದ್ರಿ ಆಗ್ಲೇ.

ಕ್ಯಾಲೆಂಡರ್_ಕಾವಲು (ಶಿವಮೊಗ್ಗ)

ಅಯ್ಯೋ, ಅದು ನನ್ನ ಕಣ್ಣು ತಪ್ಪಿತು. ಬಾಯ್ ಹೇಳಿದ್ದು ಸರಿ, ಆ ಅರ್ಧ ಸಾಲು ತೆಗೀರಿ. 'ಖಚಿತಪಡಿಸಿದಿರಿ' ಅಲ್ಲಿಗೇ ನಿಲ್ಲಿಸಿ.

ಹೊಳೆದಂಡೆ

ತೆಗೆದೆ. ನುಡಿಗಟ್ಟು ಹೇಳಿದ್ದೂ ತಿದ್ದಿದೆ. ಗುರುವಾರದ ಮೇಲ್‌ಗೇ ರಿಪ್ಲೈ, ಅವರೊಬ್ಬರಿಗೇ. ಕಳಿಸಿದೆ. ರಿಕ್ರೂಟರ್‌ಗೆ ಬೇರೆ ಮೇಲ್ ನಾಳೆ.

ಕಾಫಿಗಿಡ (ಕೊಪ್ಪ)

ಫೈಬರ್ ಮಾಮ, ಆ ಮಿನಿ ಯುಪಿಎಸ್ 9 ವೋಲ್ಟಿನ ರೂಟರ್‌ಗೂ ಆಗುತ್ತಾ? ನಮ್ಮನೇಲಿ ಎರಡು ಪೆಟ್ಟಿಗೆ ಇದೆ, ಒಂದು 12, ಒಂದು 9.

ಫೈಬರ್_ಮಾಮ (ಹೊಸನಗರ)

ಎರಡು ವೋಲ್ಟೇಜಿನ ತೂತಿರೋದು ಸಿಗುತ್ತೆ, ಅದನ್ನೇ ಕೇಳಿ ತಗೊಳ್ಳಿ. 9ರದ್ದಕ್ಕೆ 12 ಚುಚ್ಚಿಬಿಟ್ಟೀರಿ ಮತ್ತೆ.